70 ಜಿಎಸ್‌ಎಂ ಅಂದ ಮಾತ್ರಕ್ಕೆ ಬೆನ್ನಿನ ಅಳತೆ ಸಿಗಲ್ಲ: ಕವರ್ ಪ್ರಿಂಟಿಗೆ ಕೊಡುವ ಮುಂಚೆ ಓದಿ

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸುವವರು, ಮನೆಯಲ್ಲೇ ಕೂತು ಕವರ್ ಡಿಸೈನ್ ಮಾಡಿಕೊಡುವವರು ದಯವಿಟ್ಟು ಇದನ್ನು ಓದಿ. ಅಪ್ಪನ ಪ್ರಬಂಧಗಳನ್ನು ಸೇರಿಸಿ 500 ಪ್ರತಿ ಮಾಡಿಸಿದೆವು. ಒಳಪುಟ ಚೆನ್ನಾಗಿ ಬಂತು, ಅಕ್ಷರ ಚೆನ್ನಾಗಿ ಬಂತು, ಕವರ್ ಮಾತ್ರ ಹಾಳಾಯಿತು. ನಾವು ಲೆಕ್ಕ ಹಾಕಿದ ಕಾಗದ ಒಂದು, ಪ್ರೆಸ್ಸಿನವರು ಹಾಕಿದ ಕಾಗದ ಇನ್ನೊಂದು. ಎರಡರ ಮೇಲೂ 70 ಜಿಎಸ್‌ಎಂ ಅಂತಲೇ ಬರೆದಿತ್ತು.

ಮೊದಲು ನಮ್ಮ ಲೆಕ್ಕ ಹೇಗಿತ್ತು ಅಂತ ಹೇಳ್ತೀನಿ. ಪುಸ್ತಕ ಡೆಮಿ 1/8, ಅಂದರೆ ಐದೂವರೆಗೆ ಎಂಟೂವರೆ ಇಂಚು. ಮಿಲಿಮೀಟರಿನಲ್ಲಿ 140 × 216 ಅಂತ ಇಟ್ಟುಕೊಂಡೆವು. ಡಿಟಿಪಿ ಮುಗಿದಾಗ 252 ಪುಟ ಇತ್ತು. ಆದರೆ ಪ್ರೆಸ್ಸಿನಲ್ಲಿ ಪುಸ್ತಕ ಓಡುವುದು ಫಾರಂ ಲೆಕ್ಕದಲ್ಲಿ, ಒಂದು ಫಾರಂಗೆ 16 ಪುಟ. ಹಾಗಾಗಿ 16 ಫಾರಂ, 256 ಪುಟ. ಕೊನೆಯ ನಾಲ್ಕು ಪುಟ ಖಾಲಿ ಇದ್ದರೂ ಅವು ಕಾಗದವೇ, ಬೆನ್ನಿನಲ್ಲಿ ಅವಕ್ಕೂ ಜಾಗ ಬೇಕು. ಕೊನೆಯ ಪುಟದ ಕೆಳಗಿನ ಸಂಖ್ಯೆ ನೋಡಿ ಲೆಕ್ಕ ಹಾಕುವವರು ಇಲ್ಲೇ ಒಂದು ಸಲ ಎಡವುತ್ತಾರೆ.

ಆಮೇಲೆ ಪುಟ ಬೇರೆ, ಹಾಳೆ ಬೇರೆ. ಒಂದು ಹಾಳೆಗೆ ಎರಡು ಪುಟ. 256 ಪುಟಕ್ಕೆ 128 ಹಾಳೆ. ಒಂದು ಹಾಳೆಯ ದಪ್ಪ ಗೊತ್ತಾದರೆ ಉಳಿದದ್ದು ಬರೀ ಗುಣಾಕಾರ:

```
ಬೆನ್ನು = (ಪುಟ ÷ 2) × ಹಾಳೆಯ ದಪ್ಪ + 2 × ಕವರ್ ದಪ್ಪ
ಅಗಲ = 3 + 140 + ಬೆನ್ನು + 140 + 3
ಎತ್ತರ = 3 + 216 + 3
```

ಆ 3 ಅನ್ನೋದು ಬ್ಲೀಡ್. ಕಟಿಂಗ್ ಮಾಡುವಾಗ ಬ್ಲೇಡು ಕೂದಲೆಳೆಯಷ್ಟು ಆಚೀಚೆ ಹೋದರೂ ಬಿಳಿ ಅಂಚು ಕಾಣದಿರಲಿ ಅಂತ ಸುತ್ತ ಜಾಸ್ತಿ ಬಿಡುವ ಬಣ್ಣ. ಕವರ್ ದಪ್ಪವನ್ನು ಎರಡು ಸಲ ಕೂಡಿಸುವುದು ಯಾಕೆ ಅಂದರೆ, ಬೆನ್ನಿನ ಹೊರಮೈಯನ್ನು ಅಳೆಯುವಾಗ ಮುಂದಿನ ರಟ್ಟಿನ ದಪ್ಪವೂ ಹಿಂದಿನ ರಟ್ಟಿನ ದಪ್ಪವೂ ಅದರೊಳಗೇ ಬರುತ್ತೆ.

ಕೊಟೇಶನ್ನಿನಲ್ಲಿ ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಕವರಿಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಅಂತ ಇತ್ತು. ಅವರೇ ಕೊಟ್ಟ ಮ್ಯಾಪ್‌ಲಿಥೊ ಸ್ಯಾಂಪಲ್ ಅಳೆದರೆ ಹಾಳೆಗೆ 0.09 ಮಿ.ಮೀ. ಕಾರ್ಡ್ 0.33 ಮಿ.ಮೀ. ಅಲ್ಲಿಗೆ 128 × 0.09 ಅಂದರೆ 11.52, ಅದಕ್ಕೆ ಕಾರ್ಡಿನ 0.66 ಸೇರಿಸಿ 12.18. ಬೆನ್ನು 12 ಮಿ.ಮೀ. ಅಂತ ತೆಗೆದುಕೊಂಡು, ಕೋರೆಲ್ ಡ್ರಾದಲ್ಲಿ 298 × 222 ಪುಟ ಮಾಡಿ, ಎಡಕ್ಕೆ ಬೆನ್ನುಡಿ, ನಡುವೆ ಬೆನ್ನು, ಬಲಕ್ಕೆ ಮುಖಪುಟ ಕೂರಿಸಿ ಕಳಿಸಿದೆವು. ಹಿಂಭಾಗ ಕೆನೆ ಬಣ್ಣ. ಬೆನ್ನು ಮಾತ್ರ ಕಡು ಕೆಂಪು ಪಟ್ಟಿ, ಅದರ ಮೇಲೆ ಹೆಸರು.

ಎಡವಟ್ಟಾಗಿದ್ದು ಇಲ್ಲಿಂದ ಮುಂದೆ. ಕವರನ್ನು ಸಾಮಾನ್ಯವಾಗಿ ಒಳಪುಟಕ್ಕಿಂತ ಮುಂಚೆಯೇ ಮುದ್ರಿಸಿಬಿಡುತ್ತಾರೆ, ಯಾಕಂದರೆ ಅದು ಲ್ಯಾಮಿನೇಷನ್ನಿಗೆ ಹೋಗಿ ಬರಬೇಕು. ನಮ್ಮದೂ ಹಾಗೇ ಆಯಿತು. ಒಳಪುಟ ಓಡಿಸುವ ಹೊತ್ತಿಗೆ ಅವರ ಹತ್ತಿರ ಮ್ಯಾಪ್‌ಲಿಥೊ ಇರಲಿಲ್ಲ. ಗೋಡೌನಿನಲ್ಲಿ ಬಲ್ಕಿ ಕಾಗದ ಇತ್ತು, ಅದನ್ನೇ ಹಾಕಿದರು. ನಮಗೊಂದು ಫೋನ್ ಕೂಡ ಮಾಡಲಿಲ್ಲ. ಆಮೇಲೆ ಕೇಳಿದರೆ ಮಾಲೀಕರು ಹೇಳಿದ್ದು ಇಷ್ಟು: "ಸಾರ್, 70 ಜಿಎಸ್‌ಎಂ ಅಂದ್ರೆ 70 ಜಿಎಸ್‌ಎಂ. ಬಲ್ಕಿ ಹಾಕಿದ್ರೆ ಪುಸ್ತಕ ದಪ್ಪ ಕಾಣುತ್ತೆ, ಜನಕ್ಕೂ ಇಷ್ಟ ಆಗುತ್ತೆ. ನಿಮಗೆ ಒಳ್ಳೇದೇ ಮಾಡಿದ್ದೀನಿ."

ಜಿಎಸ್‌ಎಂ ಹೇಳುವುದು ತೂಕ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋದು ಅಷ್ಟೇ. ಅಷ್ಟೇ ತೂಕದ ನಾರನ್ನು ಒತ್ತಿ ನಯ ಮಾಡಿದರೆ ಕಾಗದ ತೆಳ್ಳಗಾಗುತ್ತೆ, ಸಡಿಲ ಬಿಟ್ಟರೆ ಒಳಗೆ ಗಾಳಿ ಉಳಿದು ಉಬ್ಬುತ್ತೆ. ಆ ಉಬ್ಬಿಗೆ ಕಾಗದದ ವ್ಯಾಪಾರದಲ್ಲಿ ಬಲ್ಕ್ ಅಂತಾರೆ, ಅದಕ್ಕೊಂದು ಅಂಕಿಯೂ ಇರುತ್ತೆ. ಜಿಎಸ್‌ಎಂ ಅನ್ನು ಬಲ್ಕ್‌ನಿಂದ ಗುಣಿಸಿದರೆ ದಪ್ಪ ಮೈಕ್ರಾನಿನಲ್ಲಿ ಸಿಗುತ್ತೆ. ಮ್ಯಾಪ್‌ಲಿಥೊದ ಬಲ್ಕ್ ಸುಮಾರು 1.3. 70ರಿಂದ ಗುಣಿಸಿ, 91 ಮೈಕ್ರಾನ್, ಅಂದರೆ ನಾವು ಅಳೆದ 0.09 ಮಿ.ಮೀ. ಬಲ್ಕಿ ಕಾಗದದ್ದು 1.8ರ ಆಸುಪಾಸು. ಗುಣಿಸಿದರೆ 126 ಮೈಕ್ರಾನ್. ಒಂದು ಹಾಳೆಯಲ್ಲಿ ಇದು ಬೆರಳಿಗೂ ಗೊತ್ತಾಗಲ್ಲ. 128 ಹಾಳೆ ಸೇರಿದಾಗ 16.1 ಮಿ.ಮೀ. ಆಗುತ್ತೆ, ಕವರ್ ಕೂಡಿಸಿ 16.8. ಬೈಂಡ್ ಆದ ಪುಸ್ತಕದ ಮೇಲೆ ಸ್ಕೇಲ್ ಇಟ್ಟರೆ 17 ಇತ್ತು, ಗೋಂದು ಸ್ವಲ್ಪ ಸೇರಿಕೊಂಡಿರಬೇಕು.

12 ಮಿ.ಮೀ. ಬೆನ್ನಿನ ಕವರನ್ನು 17 ಮಿ.ಮೀ. ಪುಸ್ತಕಕ್ಕೆ ಹಾಕಿದರೆ ಏನಾಗುತ್ತೆ ನೋಡಿ. ಬೈಂಡರ್ ಮುಖಪುಟವಾದರೂ ಸರಿ ಇರಲಿ ಅಂತ ಮುಂದಿನ ಮಡಿಕೆಯಿಂದ ಕವರ್ ಕೂರಿಸಿದರು. ಅದು ಅವರ ಒಳ್ಳೆಯತನ. ಆದರೆ ಕಡಿಮೆ ಬಿದ್ದ 5 ಮಿ.ಮೀ. ಎಲ್ಲಿಂದಲಾದರೂ ಬರಬೇಕಲ್ಲ? ಹಿಂಭಾಗದಿಂದ ಬಂತು. ಬೆನ್ನಿನ ಎಡಗಡೆ 5 ಮಿ.ಮೀ. ಕೆನೆ ಪಟ್ಟಿ ಇಣುಕಿತು. ಕೆಂಪು ಪಟ್ಟಿ, ಅದರ ಮೇಲಿನ ಹೆಸರು, ಎರಡೂ ನಡುವಿನಿಂದ ಎರಡೂವರೆ ಮಿ.ಮೀ. ಬಲಕ್ಕೆ ಸರಿದವು. ಅಂಗಡಿಯ ಕಪಾಟಿನಲ್ಲಿ ಪುಸ್ತಕದ ಮುಖ ಕಾಣಲ್ಲ, ಬೆನ್ನೇ ಕಾಣೋದು. ಅದೇ ಸೊಟ್ಟಗಾಯಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಹಿಂಭಾಗಕ್ಕೆ ಬ್ಲೀಡೂ ಸೇರಿ 143 ಮಿ.ಮೀ. ಬಣ್ಣ ಇತ್ತು. ಅದರಲ್ಲಿ 5 ಬೆನ್ನಿಗೆ ಹೋದರೆ ಉಳಿದದ್ದು 138. ಬೇಕಾಗಿದ್ದು 140. ಹಾಗಾಗಿ ಹಿಂದಿನ ಕವರಿನ ತುದಿಯಲ್ಲಿ 2 ಮಿ.ಮೀ. ಬಿಳಿ ಕಾರ್ಡು ಹಾಗೇ ಕಂಡಿತು. ಅದನ್ನು ಮುಚ್ಚಲು ಕಟಿಂಗಿನವರು ಇನ್ನೂ 3 ಮಿ.ಮೀ. ಒಳಗೆ ಕತ್ತರಿಸಿದರು. ಬಿಳಿ ಹೋಯಿತು, ಜೊತೆಗೆ ಒಳಪುಟದ ಹೊರಗಿನ ಮಾರ್ಜಿನ್ನೂ ಹೋಯಿತು, ಮುಖಪುಟದಲ್ಲಿ ಬಲತುದಿಗಿದ್ದ ಅಪ್ಪನ ಹೆಸರು ಅಂಚಿಗೆ ಬಂದು ಕೂತಿತು. ಬೈಂಡ್ ಆಗಿಹೋದ ಪುಸ್ತಕದ ಕವರ್ ಕಿತ್ತು ಬೇರೆ ಹಾಕುತ್ತೇವೆ ಅಂತ ಅವರು ಹೇಳಿದರು. ಬೇಡ ಅಂದೆವು. ಕಿತ್ತರೆ ಬೆನ್ನನ್ನು ಮತ್ತೆ ಹೆರೆಯಬೇಕು, ಸುತ್ತಲೂ ಮತ್ತೆ ಕತ್ತರಿಸಬೇಕು, ಅಕ್ಷರದ ಪಕ್ಕ ಇನ್ನು ಜಾಗವೇ ಉಳಿಯುತ್ತಿರಲಿಲ್ಲ. ಬೈಂಡ್ ಆಗದೆ ಉಳಿದಿದ್ದ ಪ್ರತಿಗಳಿಗೆ ಮಾತ್ರ 17 ಮಿ.ಮೀ. ಬೆನ್ನಿನ, 303 ಅಗಲದ ಕವರ್ ಹೊಸದಾಗಿ ಹಾಕಿಸಿದೆವು. ಖರ್ಚು ಅರ್ಧರ್ಧ ಅಂತ ತೀರ್ಮಾನವಾಯಿತು. ಆ ಅರ್ಧವನ್ನು ನಾವು ಯಾಕೆ ಕೊಡಬೇಕಿತ್ತು ಅನ್ನೋ ಸಿಟ್ಟು ನನಗಿನ್ನೂ ಇದೆ.

ಇದನ್ನು ತಪ್ಪಿಸೋದು ಕಷ್ಟವೇನಲ್ಲ. ಕಾಗದದ ಹೆಸರು ಕೇಳಿ ಸುಮ್ಮನಾಗಬೇಡಿ, ಒಳಪುಟ ಓಡುವ ಕಾಗದ ಪ್ರೆಸ್ಸಿಗೆ ಬಂದಮೇಲೆ ಅದೇ ಬಂಡಲ್ಲಿನಿಂದ ಹಾಳೆ ತರಿಸಿಕೊಳ್ಳಿ. ಕತ್ತರಿಸಿ 50 ಚೂರು ಒಟ್ಟು ಮಾಡಿ, ಮೆತ್ತಗೆ ಒತ್ತಿಹಿಡಿದು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ನಾಲ್ಕೂವರೆ ಮಿ.ಮೀ. ಬಂದರೆ ಹಾಳೆಗೆ 0.09, ಆರೂಕಾಲು ಬಂದರೆ 0.125. ಒಂದೇ ಹಾಳೆ ಅಳೆಯಬೇಡಿ, ಅಷ್ಟು ಸಣ್ಣ ಅಳತೆಯಲ್ಲಿ ಆಗುವ ಚೂರು ತಪ್ಪು 128ರಿಂದ ಗುಣಿಸಿಕೊಂಡು ಬರುತ್ತೆ. ಪಿಯುಸಿ ಲ್ಯಾಬಿನ ಸ್ಕ್ರೂ ಗೇಜ್ ಸಿಕ್ಕರೂ ಆಯಿತು. ಪರೀಕ್ಷೆ ಮುಗಿದ ಮೇಲೆ ಅದು ಉಪಯೋಗಕ್ಕೆ ಬಂದದ್ದು ನನಗಂತೂ ಇದೇ ಮೊದಲು.

ಇನ್ನೂ ಭರವಸೆಯ ದಾರಿ ಡಮ್ಮಿ. ಅದೇ ಕಾಗದದ 128 ಖಾಲಿ ಹಾಳೆ, ಅದೇ ಕಾರ್ಡಿನ ಖಾಲಿ ಕವರ್, ಅದೇ ಬೈಂಡಿಂಗ್. ಅದರ ಬೆನ್ನು ಅಳೆದರೆ ಗೋಂದಿನ ಲೆಕ್ಕವೂ ಅದರಲ್ಲೇ ಬಂತು. ಫಾರಂಗಳನ್ನು ದಾರದಲ್ಲಿ ಹೊಲಿಯುವ ಪುಸ್ತಕವಾದರೆ ಡಮ್ಮಿ ಬೇಕೇ ಬೇಕು. ದಾರ ಕೂತ ಕಡೆ ಬೆನ್ನು ಉಬ್ಬುತ್ತೆ, ಗುಣಾಕಾರದಲ್ಲಿ ಅದು ಸಿಗಲ್ಲ.

ಆನ್‌ಲೈನ್ ಕ್ಯಾಲ್ಕುಲೇಟರ್ ಬಗ್ಗೆಯೂ ಒಂದು ಮಾತು. ಪರಿಚಯದ ಹುಡುಗನೊಬ್ಬ ಇಲ್ಲಿನ ಪ್ರೆಸ್ಸಿನ ಪುಸ್ತಕಕ್ಕೆ ಅಮೆಜಾನ್ ಕೆಡಿಪಿಯ ಲೆಕ್ಕ ಹಾಕಿಕೊಂಡು ಕೂತಿದ್ದ. ಅಲ್ಲಿ ಬಿಳಿ ಕಾಗದದ ಕಪ್ಪು-ಬಿಳುಪು ಪುಸ್ತಕಕ್ಕೆ ಪುಟಕ್ಕೆ 0.002252 ಇಂಚು ಅಂತ ಇದೆ. ಅದು ಅವರ ಕಾಗದದ ಅಳತೆ, ಅವರಿಗೆ ಸರಿ. ನಮ್ಮ 256 ಪುಟಕ್ಕೆ ಅದನ್ನು ಹಾಕಿದರೆ 14.6 ಮಿ.ಮೀ. ಬರುತ್ತೆ. ಮ್ಯಾಪ್‌ಲಿಥೊಗೆ ಇದು ಜಾಸ್ತಿ, ಬಲ್ಕಿಗೆ ಕಡಿಮೆ, ಎರಡಕ್ಕೂ ತಪ್ಪು. ಜೊತೆಗೆ ಆ ಅಂಕಿ ಇರೋದು ಪುಟಕ್ಕೆ, ಹಾಳೆಗಲ್ಲ. ಅಭ್ಯಾಸಬಲದಿಂದ ಎರಡರಿಂದ ಭಾಗಿಸಿದಿರೋ, ಬೆನ್ನು ಅರ್ಧಕ್ಕೆ ಇಳಿಯುತ್ತೆ.

ಡಿಸೈನಿನಲ್ಲೂ ಸ್ವಲ್ಪ ತಡೆ ಹಾಕಿಕೊಳ್ಳಬಹುದು. ಬೆನ್ನಿಗೆ ಬೇರೆ ಬಣ್ಣದ ಪಟ್ಟಿ ಚಂದ ಕಾಣುತ್ತೆ ನಿಜ, ಆದರೆ ಅರ್ಧ ಮಿ.ಮೀ. ಸರಿದರೂ ಅದು ಸಾರಿ ಹೇಳುತ್ತೆ. ಹಿಂಭಾಗದ ಬಣ್ಣವೇ ಬೆನ್ನು ದಾಟಿ ಮುಖಪುಟಕ್ಕೆ ಹರಿದರೆ ಒಂದೆರಡು ಮಿ.ಮೀ. ಯಾರ ಕಣ್ಣಿಗೂ ಬೀಳಲ್ಲ. ಬೆನ್ನಿನ ಅಕ್ಷರದ ಎರಡೂ ಕಡೆ ಒಂದೂವರೆ ಮಿ.ಮೀ. ಆದರೂ ಖಾಲಿ ಬಿಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಡಿಸು, ಕೊಂಬು ಮೇಲೆ ಕೆಳಗೆ ಹೋಗುತ್ತೆ. ಅವನ್ನೂ ಸೇರಿಸಿ ಅಳೆಯಬೇಕು, ಬರೀ ಅಕ್ಷರದ ಮೈ ಅಳೆದರೆ ಸಾಲದು.

ಕೊಟೇಶನ್ನಿನಲ್ಲಿ ಈ ಮೂರು ಸಾಲು ಬರೆಸಿಕೊಳ್ಳಿ: ಒಳಪುಟದ ಕಾಗದದ ಹೆಸರಿನ ಜೊತೆ ಹಾಳೆಯ ದಪ್ಪ ಮೈಕ್ರಾನಿನಲ್ಲಿ, ಕಾಗದ ಬದಲಾದರೆ ಕವರ್ ಮುದ್ರಣಕ್ಕೆ ಮುಂಚೆ ತಿಳಿಸಬೇಕು, ಡಮ್ಮಿ ಒಪ್ಪಿದ ಮೇಲೆಯೇ ಕವರ್ ಓಡಿಸಬೇಕು. ಮರುಮುದ್ರಣ ಮಾಡಿಸುವಾಗ ಹಳೇ ಕವರ್ ಫೈಲನ್ನು ಹಾಗೇ ಕಳಿಸಬೇಡಿ. ಆಗ ಸಿಗುವ ಕಾಗದ ಬೇರೆಯಾಗಿರುತ್ತೆ, ಮುನ್ನುಡಿಯೋ ಅಭಿಪ್ರಾಯಗಳೋ ಸೇರಿ ಒಂದು ಫಾರಂ ಹೆಚ್ಚಾಗಿರುತ್ತೆ. ಒಂದು ಫಾರಂ ಅಂದರೆ 8 ಹಾಳೆ, ಬಲ್ಕಿಯಲ್ಲಿ ಸರಿಯಾಗಿ 1 ಮಿ.ಮೀ.