ವೆನ್ಯೂ ಅಂದ್ರೆ ಬರೀ ಕೂರುವ ಜಾಗ ಅಂದುಕೊಂಡಿದ್ದೆ, ಎಂಟು ತಿಂಗಳು ಹಾಳಾಯಿತು

ಹೊರ ರಾಜ್ಯದ ಕಂಪನಿಗಳ ವರ್ಕ್ ಆರ್ಡರ್ ತಗೊಳ್ಳುವವರು ಯಾರಾದರೂ ಇದ್ದರೆ ಇದನ್ನ ಓದಿ. ನಾಚಿಕೆ ಬಿಟ್ಟು ಬರೀತಿದ್ದೇನೆ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ದೆಹಲಿಯ ಒಂದು ಕಂಪನಿಗೆ ನೆಲಮಂಗಲದ ಗೋದಾಮಿನಲ್ಲಿ ಮೆಜನೈನ್ ಕಟ್ಟಿಕೊಟ್ಟೆ. ಫೈನಲ್ ಬಿಲ್‌ನಲ್ಲಿ 18 ಲಕ್ಷ ಹಿಡಿದುಕೊಂಡರು. ಫೋನ್ ಮಾಡಿದರೆ 'ಅಕೌಂಟ್ಸ್‌ನವರು ನೋಡ್ತಿದ್ದಾರೆ ಸರ್', ಮತ್ತೆ ಮಾಡಿದರೆ 'ನೋಡ್ತಿದ್ದಾರೆ ಸರ್'. ಜಗಳ ಬಂದರೆ ಆರ್ಬಿಟ್ರೇಷನ್, ಅಂದರೆ ಕೋರ್ಟ್ ಬದಲು ಖಾಸಗಿ ತೀರ್ಪುಗಾರರ ಮುಂದೆ ಬಗೆಹರಿಸೋದು ಅಂತ ಕರಾರಿನಲ್ಲಿತ್ತು. ಕೊನೆಗೆ ಲಾಯರ್ ಕೈಲಿ ಅದನ್ನ ಶುರು ಮಾಡುವ, ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 21ರ ನೋಟಿಸ್ ಕಳಿಸಿದೆ. ಬೆಂಗಳೂರಿನ ಒಬ್ಬರು ರಿಟೈರ್ಡ್ ಜಡ್ಜ್ ಹೆಸರು ಹೇಳಿ, 30 ದಿನದಲ್ಲಿ ಒಪ್ಪಿಗೆ ತಿಳಿಸಿ ಅಂತ ಬರೆದೆವು.

ಹನ್ನೆರಡನೇ ದಿನ ಉತ್ತರ ಬಂತು. ಎಷ್ಟು ಮರ್ಯಾದೆ ಆ ಮೇಲ್‌ನಲ್ಲಿ! 'ವರ್ಕ್ ಆರ್ಡರ್‌ನ ಕ್ಲಾಸ್ 24ರ ಪ್ರಕಾರ ನಮ್ಮ ಎಂಡಿ ಅವರು ಆರ್ಬಿಟ್ರೇಟರ್ ನೇಮಿಸಿದ್ದಾರೆ, ಜೊತೆಗಿರುವ ಪತ್ರಕ್ಕೆ ಸೈನ್ ಹಾಕಿ ಕಳಿಸಿ, ಸುಮ್ನೆ ಫಾರ್ಮಾಲಿಟಿ.' ಪ್ರಿಂಟ್ ತೆಗೆದು ಪೆನ್ ಹಿಡಿದಿದ್ದೆ. ಲಾಯರ್ ಫೋನ್‌ನಲ್ಲಿ ಕೂಗಿದರು, 'ಮುಟ್ಟಬೇಡಿ ಅದನ್ನ.'

ಯಾಕೆ ಅಂದರೆ, ಗೆದ್ದರೆ ಲಾಭ ಯಾರಿಗೋ ಅವರೇ ಒಬ್ಬರೇ ಕೂತು ತೀರ್ಪುಗಾರನನ್ನ ಆರಿಸುವ ಹಾಗಿಲ್ಲ. 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ಕಂಪನಿಯವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬೋದಿಲ್ಲ. ಗೊತ್ತಿದ್ದೇ ಆ ಪತ್ರ ಕಳಿಸಿದ್ದು, ಯಾಕಂದರೆ ಜಗಳ ಶುರುವಾದ ಮೇಲೆ ನಾವೇ ಬರವಣಿಗೆಯಲ್ಲಿ 'ಅಭ್ಯಂತರ ಇಲ್ಲ' ಅಂದುಬಿಟ್ಟರೆ ಆಮೇಲೆ ಆ ತಕರಾರು ಎತ್ತಲು ಬರಲ್ಲ. ಅದೇ ಅವರ ಫಾರ್ಮಾಲಿಟಿ!

ಇಲ್ಲಿವರೆಗೆ ನಾನು ಬುದ್ಧಿವಂತ. ಇನ್ನು ಮುಂದಿನದು ಕೇಳಿ.

ಇಬ್ಬರೂ ಒಪ್ಪದಿದ್ದರೆ ಸೆಕ್ಷನ್ 11ರಲ್ಲಿ ಹೈಕೋರ್ಟ್ ಆರ್ಬಿಟ್ರೇಟರ್ ನೇಮಿಸುತ್ತದೆ. ಯಾವ ಹೈಕೋರ್ಟ್? ಕ್ಲಾಸ್‌ನಲ್ಲಿ ಇದ್ದದ್ದು 'ಆರ್ಬಿಟ್ರೇಷನ್ ಪ್ರೊಸೀಡಿಂಗ್ಸ್‌ನ ವೆನ್ಯೂ ನ್ಯೂ ಡೆಲ್ಲಿ' ಅಂತ ಒಂದೇ ಸಾಲು. ಸೀಟ್, ಅಂದರೆ ಕಾನೂನಿನ ಲೆಕ್ಕದಲ್ಲಿ ಆರ್ಬಿಟ್ರೇಷನ್ ಸೇರಿದ ಊರು, ಆ ಪದವೇ ಇಲ್ಲ. ವೆನ್ಯೂ ಅಂದರೆ ಹಿಯರಿಂಗ್ ನಡೆಯುವ ರೂಮು ಅಷ್ಟೇ, ಕೋರ್ಟ್‌ನ ಹಕ್ಕು ಸೀಟ್‌ಗೆ ಸೇರಿದ್ದು, ಸೀಟ್ ಬರೆದಿಲ್ಲ, ಕೆಲಸ ನೆಲಮಂಗಲದ್ದು, ಸೈನ್ ಹಾಕಿದ್ದು ಪೀಣ್ಯದಲ್ಲಿ, ಹಾಗಾಗಿ ಬೆಂಗಳೂರಲ್ಲೇ ಹಾಕೋಣ ಅಂತ ಹಟ ಹಿಡಿದವನು ನಾನೇ. ಲಾಯರ್ ಅನುಮಾನ ಪಟ್ಟರು. ದೆಹಲಿಗೆ ಓಡಾಡೋ ಖರ್ಚು ಯಾರು ಕೊಡ್ತಾರೆ ಅಂತ ನಾನೇ ಬಾಯಿ ಮುಚ್ಚಿಸಿದೆ.

ಎಂಟು ತಿಂಗಳು ಎಳೆದಾಡಿತು. ನೋಟಿಸ್ ತಲುಪಿಲ್ಲ, ಟೈಮ್ ಬೇಕು, ಇನ್ನೊಂದು ಡೇಟ್. ಕೊನೆಗೆ ಅವರ ವಕೀಲರು ಎದ್ದು ನಿಂತು 2019ರದ್ದೇ ಇನ್ನೊಂದು ತೀರ್ಪು, ಬಿಜಿಎಸ್ ಎಸ್‌ಜಿಎಸ್ ಸೋಮ ಕೇಸ್, ಕೊಟ್ಟರು. ಇಡೀ ಆರ್ಬಿಟ್ರೇಷನ್ನಿಗೇ ಒಂದು ಊರನ್ನ ವೆನ್ಯೂ ಅಂತ ಬರೆದು, ಅದಕ್ಕೆ ಅಡ್ಡ ಬರುವ ಬೇರೆ ಮಾತು ಕರಾರಿನಲ್ಲಿ ಇಲ್ಲದಿದ್ದರೆ ಆ ವೆನ್ಯೂನೇ ಸೀಟ್ ಅನ್ನುತ್ತದೆ ಅದು. ಸೀಟ್ ದೆಹಲಿ ಆದಮೇಲೆ ಕೋರ್ಟೂ ದೆಹಲಿಯದೇ. ಐದು ನಿಮಿಷ ಹಿಡಿಯಲಿಲ್ಲ. ಅರ್ಜಿ ವಾಪಸ್ ತಗೊಂಡು ದೆಹಲಿಗೆ ಹೋಗಬೇಕಾಯಿತು. ಹೊರಗೆ ಕಾರಿಡಾರ್‌ನಲ್ಲಿ ಅವರ ಕಡೆಯ ಹುಡುಗ ನಗುನಗುತ್ತಾ ಹೇಳಿದ, 'ಸರ್, ಕ್ಲಾಸ್‌ಗೆ ಸೈನ್ ಹಾಕಿದ್ದು ನೀವೇ ಅಲ್ವಾ?' ಆ ನಗು ಈಗಲೂ ಮರೆತಿಲ್ಲ. ಇದನ್ನ ಮೊದಲ ದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಎಂಟು ತಿಂಗಳು ನನ್ನ ದುಡ್ಡು ಅವರ ಹತ್ತಿರವೇ ಇತ್ತು ನೋಡಿ.

ಕ್ಲಾಸ್‌ನಲ್ಲಿ ಊರಿನ ಹೆಸರೇ ಇಲ್ಲದಿದ್ದರೆ ಕೆಲಸ ನಡೆದ ಜಾಗ ಹಿಡಿದು ಬೆಂಗಳೂರಲ್ಲಿ ವಾದ ಮಾಡಬಹುದಿತ್ತಂತೆ. ಒಂದೇ ಒಂದು ಸಾಲು ಕೆಡಿಸಿತು.

ಆಮೇಲೆ ದೆಹಲಿ ಹೈಕೋರ್ಟ್‌ನಲ್ಲಿ ಹಾಕಿದೆವು, ಎಂಡಿ ನೇಮಿಸಿದವರನ್ನ ಬಿಟ್ಟು ಬೇರೆ ಒಬ್ಬರನ್ನ ಕೋರ್ಟ್ ನೇಮಿಸಿತು. ತಮಾಷೆ ಏನು ಗೊತ್ತಾ? ಹಿಯರಿಂಗ್ ಎಲ್ಲಾ ವಿಡಿಯೋದಲ್ಲೇ. ನಾನು ಇವತ್ತಿನವರೆಗೆ ಈ ಕೇಸ್‌ಗೆ ದೆಹಲಿ ವಿಮಾನ ಹತ್ತಿಲ್ಲ. ಕೂರುವ ಜಾಗ ಎಲ್ಲಿ ಬೇಕಾದರೂ ಇರಬಹುದು, ಸೀಟ್ ಮಾತ್ರ ದೆಹಲಿಯಲ್ಲೇ ಇರುತ್ತದೆ. ನಾಳೆ ತೀರ್ಪು ಪ್ರಶ್ನೆ ಮಾಡಬೇಕು ಅಂದರೂ ಅಲ್ಲಿನ ಕೋರ್ಟಿಗೇ ಹೋಗಬೇಕು.

ಆದ್ದರಿಂದ ವರ್ಕ್ ಆರ್ಡರ್‌ನಲ್ಲಿ ರೇಟ್ ಕಾಲಂ ನೋಡುವ ಮೊದಲು ಕೊನೆ ಪುಟ ನೋಡಿ. 'ಸೀಟ್ ಬೆಂಗಳೂರು' ಅಂತ ಬರೆಸಿ, ಅದೇ ಪದದಲ್ಲಿ. ಒಪ್ಪಲ್ಲ ಅಂದರೆ ಅಡ್ವಾನ್ಸ್ ಜಾಸ್ತಿ ಕೇಳಿ. ಫಾರ್ಮಾಲಿಟಿ ಅಂತ ಯಾವ ಪತ್ರ ಬಂದರೂ ಸೈನ್ ಹಾಕಬೇಡಿ.

ನನ್ನ ಮುಂದಿನ ಹಿಯರಿಂಗ್ ಸೋಮವಾರ 11 ಗಂಟೆಗೆ. ಹೋದ ಸಲ ಗ್ರೈಂಡರ್ ಸದ್ದಿಗೆ ಆರ್ಬಿಟ್ರೇಟರ್ ಬೈದಿದ್ದರು. ಈ ಸಲ ಅಷ್ಟು ಹೊತ್ತು ಮೆಷಿನ್ ನಿಲ್ಲಿಸಬೇಕು, ಹುಡುಗರ ಕೂಲಿ ಮಾತ್ರ ನಿಲ್ಲಲ್ಲ.