ಕೂಪನ್ ಯಾರಿಗೆ ಕೊಡೋದು: ಟೋಟಲ್ ಸ್ಕೋರಾ, ಕಸ್ಟಮರ್‌ದೇ ಗ್ಯಾಪಾ? ಎರಡೂ ಮಾಡಿ ನೋಡಿದ್ದು

ಪುಣೆಲಿ ಒಂದು ಚಿಕ್ಕ ಆನ್‌ಲೈನ್ ಕಿರಾಣಿಲಿ ಕಸ್ಟಮರ್ ಡೇಟಾ ನೋಡ್ಕೊಳ್ಳೋದು ನನ್ನ ಕೆಲ್ಸ. ಆರ್ಡರ್ ನಿಲ್ಸಿದವ್ರನ್ನ ವಾಪಸ್ ಕರೆಯೋಕೆ 100 ರೂಪಾಯಿ ಕೂಪನ್ ಕೊಡೋಣ ಅಂತಾಯ್ತು, ಆದ್ರೆ ಯಾರಿಗೆ ಅನ್ನೋದೇ ಕಷ್ಟ, ಅದಕ್ಕೆ ಎರಡು ಥರ ಲಿಸ್ಟ್ ಮಾಡಿ ಎರಡನ್ನೂ ಒಟ್ಟಿಗೇ ಕಳಿಸಿ ನೋಡಿದ್ವಿ.

ಮೊದಲ್ನೇದು ಎಲ್ರೂ ಮಾಡೋ ಥರ. ಕೊನೇ ಆರ್ಡರ್ ಆಗಿ ಎಷ್ಟು ದಿನ ಆಯ್ತು, ವರ್ಷಕ್ಕೆ ಎಷ್ಟು ಆರ್ಡರ್, ಎಷ್ಟು ದುಡ್ಡು, ಪ್ರತಿಯೊಂದಕ್ಕೂ ಎಲ್ಲಾ ಕಸ್ಟಮರ್‌ಗಳನ್ನ ಐದು ಸಮಭಾಗ ಮಾಡಿ 1ರಿಂದ 5ರ ತನಕ ಮಾರ್ಕ್ಸ್, 5 ಅಂದ್ರೆ ಒಳ್ಳೇದು. ಮೂರನ್ನೂ ಕೂಡಿಸಿ ಮಧ್ಯದ ಟೋಟಲ್ ಬಂದವ್ರನ್ನ ತಗೊಂಡ್ವಿ. ಕೂಡಿಸಿದ್ದೇ ತಪ್ಪು ಅಂತ ಆಮೇಲೆ ಗೊತ್ತಾಯ್ತು. 1+5+5 ಅಂದ್ರೂ 11, 5+3+3 ಅಂದ್ರೂ 11. ಒಬ್ರು ನಮ್ಮನ್ನ ಬಿಟ್ಟುಹೋದ ದೊಡ್ಡ ಕಸ್ಟಮರ್, ಇನ್ನೊಬ್ರು ಮೊನ್ನೆ ತಾನೇ ಹಾಲು ತರಿಸ್ಕೊಂಡವ್ರು, ಟೋಟಲ್‌ಗೆ ಇಬ್ರೂ ಒಂದೇ.

ಎರಡ್ನೇದ್ರಲ್ಲಿ ಪ್ರತಿ ಮನೆಯ ಸ್ವಂತ ಲಯ ನೋಡಿದ್ವಿ. ಕನಿಷ್ಠ ನಾಲ್ಕು ಆರ್ಡರ್ ಮಾಡಿದವ್ರಿಗೆ, ಆರ್ಡರ್‌ಗಳ ನಡುವಿನ ದಿನಗಳ ಮೀಡಿಯನ್, ಅಂದ್ರೆ ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡಿಸಿದ್ರೆ ನಡುವೆ ಬರೋ ಸಂಖ್ಯೆ ತೆಗೆದು, ಈಗ ಸುಮ್ನಿರೋ ದಿನಗಳನ್ನ ಅದ್ರಿಂದ ಭಾಗಿಸೋದು, ಅಷ್ಟೇ. ಕೋಥ್ರೂಡ್‌ನ ಒಂದು ಮನೆ ಆರು ದಿನಕ್ಕೊಮ್ಮೆ ತರಕಾರಿ ತರಿಸ್ತಿತ್ತು, ಈಗ 24 ದಿನದಿಂದ ಸುದ್ದಿ ಇಲ್ಲ, ಅಂದ್ರೆ 4 ಪಟ್ಟು, ಏನೋ ಆಗಿದೆ. ಹಡಪ್ಸರ್‌ನ ಇನ್ನೊಂದು ಮನೆ ಸಂಬಳ ಆದ್ಮೇಲೆ ತಿಂಗಳಿಗೊಂದೇ ಸಲ ಅಕ್ಕಿ, ಎಣ್ಣೆ, ಜೋಳದ ಹಿಟ್ಟು ಎಲ್ಲಾ ತರಿಸ್ಕೊಳ್ತಾರೆ, ಅವ್ರೂ 24 ದಿನ ಸುಮ್ನಿದ್ದಾರೆ, ಆದ್ರೆ ಅದು 0.8 ಪಟ್ಟು. ಹಳೇ ಲೆಕ್ಕದಲ್ಲಿ ಕೊನೇ ಆರ್ಡರ್ ಆಗಿ ಎಷ್ಟು ದಿನ ಅನ್ನೋದಕ್ಕೆ ಇಬ್ರಿಗೂ ಮಾರ್ಕ್ಸ್ ಒಂದೇ. ಹಡಪ್ಸರ್‌ನವ್ರಿಗೆ ಕೂಪನ್ ಕೊಟ್ರೆ ಒಂದನೇ ತಾರೀಖು ಹೇಗಿದ್ರೂ ಬರೋವ್ರಿಗೆ 100 ರೂಪಾಯಿ ಕೊಟ್ಟ ಹಾಗೆ.

3 ಪಟ್ಟಿಂದ 8 ಪಟ್ಟು ಒಳಗಿದ್ದವ್ರನ್ನ ಇಟ್ಕೊಂಡು, ಅವ್ರಲ್ಲಿ ಫ್ರೀಕ್ವೆನ್ಸಿನೂ ಖರ್ಚೂ ಎರಡೂ 4 ಇಲ್ಲಾ 5 ಇದ್ದವ್ರನ್ನ ಆರಿಸಿದ್ವಿ. ಇಲ್ಲೊಂದು ಸೂಕ್ಷ್ಮ ಇದೆ, ಫ್ರೀಕ್ವೆನ್ಸಿನ ಇವತ್ತಿಂದ ಹಿಂದಕ್ಕೆ 12 ತಿಂಗಳು ಎಣಿಸಿದ್ರೆ ಸುಮ್ನಿದ್ದ ದಿನಗಳೂ ಅದರಲ್ಲಿ ಸೇರ್ಕೊಳ್ತವೆ, ಬಿಟ್ಟುಹೋದವ್ರಿಗೆ ಎರಡು ಕಡೆಯಿಂದ ಹೊಡೆತ. ಕೊನೇ ಆರ್ಡರ್ ತಾರೀಖಿಂದ ಹಿಂದಕ್ಕೆ ಎಣಿಸ್ಬೇಕು. ಖರ್ಚಿಗೂ ಒಟ್ಟು ಮೊತ್ತ ಬಿಟ್ಟು ಒಂದು ಆರ್ಡರ್‌ನ ಮೀಡಿಯನ್ ಹಿಡಿದ್ವಿ, ಯಾಕಂದ್ರೆ ಯಾರದ್ದೋ ಮನೆ ಮದ್ವೆಗೆ ಒಂದೇ ಸಲ ತಂದ ಸಾಮಾನು ಅವ್ರನ್ನ 5ಕ್ಕೆ ಏರಿಸ್ಬಿಡುತ್ತೆ.

ಎರಡೂ ಲಿಸ್ಟಲ್ಲಿ 400-400 ಜನ, ಎರಡ್ರಲ್ಲೂ ಬಂದ ಹೆಸರು ತೆಗೆದ್ವಿ. ಪ್ರತಿ ಲಿಸ್ಟಲ್ಲೂ ಲಾಟರಿ ಥರ 100 ಜನರನ್ನ ಎತ್ತಿ ಅವ್ರಿಗೆ ಕೂಪನ್ ಕಳಿಸ್ಲೇ ಇಲ್ಲ. ಬಾಸ್ ಕೇಳಿದ್ರು, “ಆ ನೂರು ಜನಾನ ಯಾಕ್ ಬಿಟ್ಟಿದ್ದೀಯಾ, ಅವ್ರೂ ಬರ್ತಿದ್ರಲ್ಲ?” ನಾನಂದೆ, “ಸರ್, ಕೂಪನ್ ಇಲ್ದೇನೂ ಎಷ್ಟು ಜನ ಬರ್ತಾರೆ ಅಂತ ಗೊತ್ತಾಗೋಕೆ ಅವ್ರೇ ಬೇಕು.”

ಮೂರು ವಾರ ಆದ್ಮೇಲೆ ಟೋಟಲ್ ಲಿಸ್ಟಲ್ಲಿ ಕೂಪನ್ ಸಿಕ್ಕ 300ರಲ್ಲಿ 96 ಜನ ಬಂದಿದ್ರು. ಆಫೀಸಲ್ಲಿ ಎಲ್ರಿಗೂ ಖುಷಿ. ಆದ್ರೆ ಕೂಪನ್ ಸಿಗದ 100ರಲ್ಲೂ 30 ಜನ ಬಂದಿದ್ರು, ಅಂದ್ರೆ 300ರಲ್ಲಿ 90 ಜನ ಹಾಗೇ ಬರೋರು. 9,600 ರೂಪಾಯಿಗೆ ಹೆಚ್ಚಿಗೆ ಸಿಕ್ಕಿದ್ದು ಆರು ಜನ, ಒಬ್ರಿಗೆ 1,600 ರೂಪಾಯಿ. ಆ ಆರೂ ಲೆಕ್ಕದ ಏರುಪೇರೇ ಇರಬಹುದು, ನೂರು ಜನರ ಗುಂಪಲ್ಲಿ ಅಷ್ಟು ಚಿಕ್ಕ ವ್ಯತ್ಯಾಸ ನಂಬೋಕಾಗಲ್ಲ.

ಸ್ವಂತ ಗ್ಯಾಪ್ ಲಿಸ್ಟಲ್ಲಿ ಬಂದಿದ್ದು 300ಕ್ಕೆ 54 ಮಾತ್ರ, ನೋಡೋಕೆ ಸೋತ ಹಾಗೇ ಕಾಣ್ಸುತ್ತೆ. ಕೂಪನ್ ಸಿಗದವ್ರಲ್ಲಿ ಬಂದಿದ್ದು 100ಕ್ಕೆ 7. ಅಂದ್ರೆ 21 ಜನ ಹೇಗೂ ಬರೋರು, ಕೂಪನ್‌ನಿಂದಲೇ ಬಂದೋರು 33. 5,400 ರೂಪಾಯಿಗೆ 33 ಜನ, ಒಬ್ರಿಗೆ ಸುಮಾರು 164. ನನ್ನ ಆಯ್ಕೆ ಇದೇ.

ಇದೂ ಕೆಡೋ ಜಾಗ ಇದೆ. ಗಣಪತಿ ಹಬ್ಬಕ್ಕೆ ಇಲ್ಲಿ ಎಷ್ಟೋ ಮನೆಗಳು ಕೊಂಕಣಕ್ಕೆ ಊರಿಗೆ ಹೋಗ್ಬಿಡ್ತವೆ, ಪದೇಪದೇ ತರಿಸೋರು ಒಮ್ಮೆಲೇ 3 ಪಟ್ಟು ದಾಟ್ತಾರೆ, ಲಿಸ್ಟ್ ಇದ್ದಕ್ಕಿದ್ದ ಹಾಗೆ ಉಬ್ಬಿದ್ರೆ ಅದೇ ಗುರುತು. ಆ ದಿನಗಳನ್ನ ಎಣಿಕೆಯಿಂದ ಬಿಟ್ಟು, ಹಬ್ಬ ಮುಗಿದು ಎರಡು ವಾರ ಕಳೆದ್ಮೇಲೆ ಲಿಸ್ಟ್ ತೆಗಿತೀವಿ. ಇನ್ನು ಒಂದೋ ಎರಡೋ ಆರ್ಡರ್ ಮಾಡಿ ಹೋದವ್ರಿಗೆ ಗ್ಯಾಪೇ ಇರಲ್ಲ, ಇದ್ರೂ ಒಂದೇ, ಅವ್ರನ್ನ ಈ ಲೆಕ್ಕಕ್ಕೆ ತುರುಕಬಾರದು. ಅವ್ರಿಗೆ ನಮ್ಮ ಅಭ್ಯಾಸವೇ ಆಗಿಲ್ಲ, ಅವ್ರ ಮೊದಲ ಡೆಲಿವರಿ ಲೇಟಾಗಿತ್ತಾ, ಸಾಮಾನು ಕಮ್ಮಿ ಬಂದಿತ್ತಾ ಅಂತ ಬೇರೆಯಾಗಿ ನೋಡ್ತಾ ಇದ್ದೀವಿ.