ಎರಡು ವರ್ಷ ಪೈಥಾನ್‌ನ `arch` ಲೈಬ್ರರಿ ಬಳಸಿದ ಮೇಲೆ: ಹಳೆ ದರಗಳ ತುಂಡು ಎಷ್ಟುದ್ದ ಕತ್ತರಿಸಬೇಕು?

ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ನಿಫ್ಟಿ ಆಟ. ನನ್ನ ನಿಯಮ ಸರಳ. ಇವತ್ತಿನ ಮುಕ್ತಾಯ ದರ ಹಿಂದಿನ 200 ದಿನಗಳ ಸರಾಸರಿಗಿಂತ ಮೇಲಿದ್ದರೆ ನಾಳೆ ಮಾರುಕಟ್ಟೆಯಲ್ಲಿ ಇರಬೇಕು, ಕೆಳಗಿದ್ದರೆ ದುಡ್ಡು ಕೈಯಲ್ಲಿರಬೇಕು.

ಹಳೆ ದರಗಳ ಮೇಲೆ ಇದು ಚೆನ್ನಾಗಿಯೇ ಕಂಡಿತು. ಕಾಣದೆ ಏನು, 2008 ಅದರೊಳಗಿದೆ. ಆ ಜನವರಿಯಲ್ಲಿ 6,300ರ ಹತ್ತಿರ ಇದ್ದ ನಿಫ್ಟಿ ಅಕ್ಟೋಬರ್ ಕೊನೆಗೆ 2,600ರ ಕೆಳಗೆ ಹೋಗಿತ್ತು. ತಿಂಗಳುಗಟ್ಟಲೆ ಇಳಿಯಿತು, ಹೊರಗೆ ಬರೋಕೆ ಬೇಕಾದಷ್ಟು ಸಮಯ ಸಿಕ್ಕಿತು. ಮುಂದಿನ ಕುಸಿತವೂ ಹಾಗೇ ನಿಧಾನವಾಗಿ ಬರಬೇಕು ಅಂತ ಏನಿಲ್ಲ ಅಲ್ವಾ? 2020ರ ಮಾರ್ಚ್ 23ರಂದು ಒಂದೇ ದಿನ ಸುಮಾರು 13 ಪರ್ಸೆಂಟ್ ಬಿತ್ತು.

ಅದಕ್ಕೇ `arch` ಹಾಕಿಕೊಂಡೆ. ಪೈಥಾನ್‌ನ ಪುಕ್ಕಟೆ ಲೈಬ್ರರಿ. ಅದರ `StationaryBootstrap` ಹಳೆಯ ದಿನದ ಏರಿಳಿತಗಳನ್ನು ತುಂಡು ತುಂಡಾಗಿ ಎತ್ತಿ ಬೇರೆ ಕ್ರಮದಲ್ಲಿ ಜೋಡಿಸಿ, ಇತಿಹಾಸದಲ್ಲಿ ಇಲ್ಲದ ಸಾವಿರ ದರದ ಸಾಲುಗಳನ್ನು ಕೊಡುತ್ತದೆ. ಒಂದು ತುಂಡು ಸರಾಸರಿ ಎಷ್ಟು ದಿನ ಇರಬೇಕು ಅಂತ ನಾವೇ ಹೇಳಬೇಕು.

ಇಲ್ಲೇ ನಾನು ಎಡವಿದ್ದು. ಇದರಲ್ಲಿ `optimal_block_length` ಅಂತ ಒಂದಿದೆ. ಹೆಸರೇ 'ಸರಿಯಾದ ಅಳತೆ' ಅನ್ನೋ ಹಾಗಿದೆಯಲ್ಲ, ಅದನ್ನೇ ನಂಬಿದೆ. ಅದು ಕೊಟ್ಟದ್ದು ಬರೀ ನಾಲ್ಕಾರು ದಿನದ ತುಂಡು. ಸಾವಿರ ಸಾಲು ಓಡಿಸಿದರೆ ನನ್ನ ನಿಯಮ ಸುಮ್ನೆ ಹಿಡಿದುಕೊಂಡು ಕೂತವನಿಗಿಂತ ಹಿಂದೆ. ಎರಡು ವಾರ ನಿಯಮವನ್ನೇ ಬೈದುಕೊಂಡೆ.

ತಪ್ಪು ಲೈಬ್ರರಿಯದ್ದಲ್ಲ. ಆ ಅಳತೆ ಸರಾಸರಿಯ ಅಂದಾಜು ಎಷ್ಟು ಅಲುಗಾಡುತ್ತದೆ ಅಂತ ನೋಡೋದಕ್ಕೆ. ದಿನದ ಏರಿಳಿತಕ್ಕೂ ಮರುದಿನದ್ದಕ್ಕೂ ನಂಟು ಕಮ್ಮಿ, ಹಾಗಾಗಿ ಸಣ್ಣ ತುಂಡು ಸಾಕು ಅನ್ನುತ್ತದೆ. ಆದರೆ ನನ್ನ ನಿಯಮ ಬದುಕಿರೋದೇ ಉದ್ದದ ಇಳಿತದ ಮೇಲೆ. ನಾಲ್ಕು ದಿನದ ತುಂಡು ಮಾಡಿದರೆ 2008ರ ಹತ್ತು ತಿಂಗಳ ಇಳಿತ ಪುಡಿಪುಡಿಯಾಗಿ ಹತ್ತು ವರ್ಷಕ್ಕೆ ಚೆಲ್ಲಿಹೋಗುತ್ತದೆ. ತುಂಡನ್ನು 100 ದಿನ ಮಾಡಿದಾಗ ನಿಯಮ ಮತ್ತೆ ಚೇತರಿಸಿಕೊಂಡಿತು. ಅಂದರೆ ನನ್ನ ಪರೀಕ್ಷೆಯ ಫಲ ತುಂಡಿನ ಉದ್ದದಲ್ಲೇ ಕೂತಿತ್ತು.

ಅಪ್ಪನಿಗೆ ಇದನ್ನು ಹೇಳಿದೆ. ತೊಗರಿ ಹೊಲದ ಮನುಷ್ಯ, ಒಂದೇ ಮಾತು ಅಂದ: "ಮಳಿ ಲೆಕ್ಕಕ್ಕ ಬಂದದ, ಬೆಳಿಗಿ ಬಂದಿಲ್ಲ, ಅಷ್ಟ ಅಲ್ಲೇನು?" ಹೌದು, ಒಟ್ಟು ಅಷ್ಟೇ, ಹಂಚಿಕೆ ಬೇರೆ.

ಆದರೆ ಎಷ್ಟು ಕಲಸಿದರೂ ತುಂಡುಗಳು ಹಳೆಯವೇ. ಬೇರೆ ಸ್ವಭಾವದ ಮಾರುಕಟ್ಟೆ ಬೇಕಿದ್ದರೆ ನಾವೇ ಕಟ್ಟಬೇಕು. ನಾನು ಎರಡು ಸ್ಥಿತಿ ಇಟ್ಟೆ. ಶಾಂತ ದಿನಗಳಲ್ಲಿ ದಿನಕ್ಕೆ ಸರಾಸರಿ 0.10 ಪರ್ಸೆಂಟ್ ಏರಿಕೆ, ಕೆಟ್ಟ ದಿನಗಳಲ್ಲಿ 0.25 ಪರ್ಸೆಂಟ್ ಇಳಿಕೆ, ಜೊತೆಗೆ ಏರಿಳಿತವೂ ಎರಡು ಪಟ್ಟಿಗಿಂತ ಜಾಸ್ತಿ.

```python
stay = [0.99, 0.95]   # ಶಾಂತ, ಕೆಟ್ಟ
s = 0
for t in range(2500):
    if rng.random() > stay[s]:
        s = 1 - s
    r[t] = rng.normal(mu[s], sd[s])
```

`stay` ಅಂದರೆ ಮರುದಿನವೂ ಅದೇ ಸ್ಥಿತಿ ಉಳಿಯೋ ಸಾಧ್ಯತೆ. 0.95 ಅಂದರೆ ಕೆಟ್ಟ ಕಾಲ ಒಮ್ಮೆ ಶುರುವಾದರೆ ಸರಾಸರಿ 20 ದಿನ. 0.99 ಮಾಡಿದರೆ 100 ದಿನ. ಮೊದಲ ಸಲ ಅದೊಂದನ್ನೇ ಬದಲಿಸಿ ಓಡಿಸಿದೆ, ನಿಯಮ ಭರ್ಜರಿಯಾಗಿ ಗೆದ್ದಿತು. ಖುಷಿ ಒಂದೇ ರಾತ್ರಿ. ಮರುದಿನ ಎಣಿಸಿದರೆ ಆರರಲ್ಲಿ ಒಂದು ದಿನ ಕೆಟ್ಟದಿದ್ದದ್ದು ಎರಡರಲ್ಲಿ ಒಂದಾಗಿತ್ತು. ಅರ್ಧ ಜೀವನ ಕುಸಿಯುತ್ತಲೇ ಇರೋ ಮಾರುಕಟ್ಟೆಯಲ್ಲಿ ಹೊರಗೆ ನಿಂತವನು ಗೆಲ್ಲೋದು ದೊಡ್ಡ ಮಾತೇ? ಶಾಂತದ 0.99 ಅನ್ನು 0.998 ಮಾಡಿದ ಮೇಲೆ ಪಾಲು ಮತ್ತೆ ಆರರಲ್ಲಿ ಒಂದಕ್ಕೆ ಬಂತು. ಈಗ ಎರಡೂ ಕಡೆ ಕೆಟ್ಟ ದಿನಗಳ ಪಾಲು ಒಂದೇ, ಅವು ಗುಂಪಾಗಿ ಬರೋ ಉದ್ದ ಮಾತ್ರ ಬೇರೆ.

ಉದ್ದ ಗುಂಪಿದ್ದಾಗ ನಿಯಮ ಮೂರರಲ್ಲಿ ಎರಡರಷ್ಟು ಸಾಲುಗಳಲ್ಲಿ ಹಿಡಿದು ಕೂತವನಿಗಿಂತ ಮುಂದೆ ಬಂತು. ಗಿಡ್ಡ ಗುಂಪಿದ್ದಾಗ ನಾಲ್ಕರಲ್ಲಿ ಒಂದರಷ್ಟು. ಯಾಕೆ ಅಂತ ಒಂದು ಸಾಲನ್ನು ಬಿಡಿಸಿ ನೋಡಿದೆ. ದರ 200 ದಿನದ ಸರಾಸರಿಯ ಕೆಳಗೆ ಹೋಗಿ ನಾನು ಮಾರೋ ಹೊತ್ತಿಗೆ ಕೆಟ್ಟ ಕಾಲವೇ ಮುಗಿಯುತ್ತಾ ಬಂದಿರುತ್ತದೆ. ಆಮೇಲೆ ಶಾಂತ ದಿನಗಳ ಏರಿಕೆಯಲ್ಲಿ ನಾನು ಹೊರಗೆ.

ಇದನ್ನೂ ಪೂರ್ತಿ ನಂಬಬೇಡಿ. ನನ್ನ ಕಟ್ಟಿದ ಮಾರುಕಟ್ಟೆಯಲ್ಲಿ ಒಂದೇ ದಿನ 13 ಪರ್ಸೆಂಟ್ ಬೀಳೋದು ಇಲ್ಲವೇ ಇಲ್ಲ ಅನ್ನಬಹುದು. `normal` ಅಷ್ಟು ದೊಡ್ಡ ಪೆಟ್ಟು ಕೊಡುವುದಿಲ್ಲ.

`arch` ಇನ್ನೊಂದು ಕಡೆ ನನ್ನ ಮಾನ ಕಾಪಾಡಿದೆ. ತುಂಡನ್ನು 1 ದಿನ ಮಾಡಿದರೆ ಇಳಿತದ ಸರಣಿ ಏನೂ ಉಳಿಯೋದಿಲ್ಲ, ನಿಯಮಕ್ಕೆ ಹಿಡಿಯೋಕೆ ಏನೂ ಇರೋದಿಲ್ಲ. ಆದರೂ ಒಮ್ಮೆ ಅದು ಗೆಲ್ಲುತ್ತಲೇ ಇತ್ತು. ಹುಡುಕಿದರೆ, ಇವತ್ತಿನ ಮುಕ್ತಾಯ ನೋಡಿ ಇವತ್ತಿನ ಲಾಭವನ್ನೇ ಎಣಿಸುತ್ತಿದ್ದೆ. ನಿಯಮದ ತೀರ್ಪನ್ನು ಒಂದು ದಿನ ಮುಂದಕ್ಕೆ ಸರಿಸೋದು ಮರೆತಿತ್ತು.

ನಾಲ್ಕು ಸ್ಟಾರ್. ನಿಯಮಕ್ಕೆ ಇಡಬೇಕಿದ್ದ ದುಡ್ಡನ್ನು ಅರ್ಧಕ್ಕೆ ಇಳಿಸಿದ್ದೇನೆ, ಮಿಕ್ಕಿದ್ದು ಸುಮ್ನೆ ಹಿಡಿದು ಕೂತಿದೆ.